ಹಾಡೋಕೆ ಬರಲ್ಲ ಅನ್ನುವವರೂ ಬನ್ನಿ: ಕರ್ನಾಟಕ ಸಂಗೀತ ಗಾಯನ, ಮೊದಲ ತರಗತಿ ಉಚಿತ

ಎಲ್ಲರಿಗೂ ನಮಸ್ಕಾರ.

ಜೂನ್ 15, ಸೋಮವಾರದಿಂದ ನಮ್ಮಲ್ಲಿ ಕರ್ನಾಟಕ ಶಾಸ್ತ್ರೀಯ ಸಂಗೀತದ ಹೊಸ ಬ್ಯಾಚ್‌ಗಳು ಶುರುವಾಗುತ್ತಿವೆ. ಗಾಯನ ಮಾತ್ರ, ವಾದ್ಯ ಇಲ್ಲ. ಸೇರುವ ಮೊದಲು ಒಮ್ಮೆ ಬಂದು ಕೂತು, ಹಾಡಿ ನೋಡಲಿ ಅಂತ ಎರಡು ಉಚಿತ ತರಗತಿ ಇಟ್ಟಿದ್ದೇನೆ. ಒಂದು ಜೂನ್ 13ರ ಶನಿವಾರ ಸಂಜೆ 5ಕ್ಕೆ, ಇನ್ನೊಂದು 14ರ ಭಾನುವಾರ ಬೆಳಿಗ್ಗೆ 10ಕ್ಕೆ. ನಿಮಗೆ ಯಾವುದು ಅನುಕೂಲವೋ ಅದಕ್ಕೆ ಬನ್ನಿ. 45 ನಿಮಿಷದ ತರಗತಿ. ಬಂದ ಮೇಲೆ ಸೇರಲೇಬೇಕು ಅಂತೇನೂ ಇಲ್ಲ.

ಉಚಿತ ತರಗತಿ ಅಂದರೆ ಟೀಚರ್ ಒಂದೆರಡು ಹಾಡು ಹಾಡಿ, ಫಾರಂ ಕೊಟ್ಟು ಕಳಿಸುತ್ತಾರೆ ಅಂದುಕೊಳ್ಳಬೇಡಿ. ಅವತ್ತು ಹಾಡುವವರು ನೀವು. ಮೊದಲು ತಂಬೂರಿ ಶ್ರುತಿ ಹಾಕಿ, ಐದು ನಿಮಿಷ ಸುಮ್ನೆ ಕೇಳಿಸಿಕೊಳ್ಳುತ್ತೇವೆ. ಆಮೇಲೆ ಬಾಯಿ ಮುಚ್ಚಿಕೊಂಡೇ ಷಡ್ಜ, ಅಂದರೆ ಸ, ಹಿಡಿಯುವುದು. ನಂತರ ಬಾಯಿ ತೆರೆದು ಸ, ಪ, ಮೇಲಿನ ಸ. ಅಷ್ಟಾದ ಮೇಲೆ ಆದಿತಾಳ ಹಾಕುವುದನ್ನು ಕಲಿಸುತ್ತೇನೆ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಒಟ್ಟು ಎಂಟು ಎಣಿಕೆ. ಕೊನೆಯಲ್ಲಿ ಆ ತಾಳಕ್ಕೆ ಮೊದಲನೆಯ ಸರಳೆ ವರಸೆ, ಸರಿಗಮ ಪದನಿಸ, ಸನಿದಪ ಮಗರಿಸ. ಮನೆಗೆ ಹೋಗುವಾಗ ಒಂದು ನಿಜವಾದ ಪಾಠ ನಿಮ್ಮ ಕೈಯಲ್ಲಿ ಇರುತ್ತದೆ. ಮುಂದೆ ನೀವು ಬೇರೆ ಯಾರ ಹತ್ತಿರ ಕಲಿತರೂ ಅದು ಕೆಲಸಕ್ಕೆ ಬರುತ್ತದೆ.

ಈಗ ದೊಡ್ಡವರಿಗೆ ಒಂದು ಮಾತು. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಬಾಗಿಲ ಹತ್ತಿರ ನಿಂತು, "ನಂಗೂ ತುಂಬಾ ಆಸೆ ಟೀಚರ್, ಆದ್ರೆ ನನ್ನ ಗಂಟಲು ಸರಿ ಇಲ್ಲ" ಅನ್ನುತ್ತಾರೆ. ಯಾರೋ ಚಿಕ್ಕಂದಿನಲ್ಲಿ "ನೀನು ಹಾಡಬೇಡ, ಸುಮ್ನೆ ಬಾಯಿ ಆಡಿಸು" ಅಂದಿರುತ್ತಾರೆ. ಆ ಒಂದು ಮಾತು ನಲವತ್ತು ವರ್ಷ ಆದರೂ ಗಂಟಲಲ್ಲೇ ಕೂತಿರುತ್ತದೆ. ನಾನು ಕಂಡ ಹಾಗೆ ಇಂಥವರಲ್ಲಿ ಹೆಚ್ಚಿನವರ ಗಂಟಲಿಗೆ ಏನೂ ಆಗಿರುವುದಿಲ್ಲ. ತಮ್ಮದಲ್ಲದ ಶ್ರುತಿಯಲ್ಲಿ ಹಾಡಲು ಹೋಗಿರುತ್ತಾರೆ, ಅಷ್ಟೇ. ಶ್ರುತಿಯನ್ನು ನಾವು ಸಂಖ್ಯೆಯಲ್ಲಿ ಹೇಳುತ್ತೇವೆ, ಗಂಡಸರಿಗೆ ಸಾಮಾನ್ಯವಾಗಿ ಒಂದು, ಎರಡರ ಆಸುಪಾಸಿನ ಶ್ರುತಿ ಹೊಂದುತ್ತದೆ. ಹೆಂಗಸರಿಗೆ ಅದಕ್ಕಿಂತ ಎತ್ತರದ ಐದು, ಐದೂವರೆ, ಆರು. ಐದೂವರೆಯ ಗುಂಪಿನಲ್ಲಿ ಕೂತ ಗಂಡಸು ತಾರಸ್ಥಾಯಿ ಮುಟ್ಟಲಾಗದೆ ಕಿರುಚಿದರೆ ಅದು ಅವರ ತಪ್ಪೇ? ಅದಕ್ಕೇ ಉಚಿತ ತರಗತಿಯಲ್ಲಿ ಒಬ್ಬೊಬ್ಬರದೂ ಶ್ರುತಿ ನೋಡಿ ಹೇಳುತ್ತೇನೆ. ಬರೆದಿಟ್ಟುಕೊಳ್ಳಿ.

ಇನ್ನು ಕೆಲವರಿಗೆ ಕಿವಿ ಇನ್ನೂ ಪಳಗಿರುವುದಿಲ್ಲ. ಹೋದ ಬ್ಯಾಚಿನಲ್ಲಿ ಒಬ್ಬರು ಸೇರಿದ್ದರು. ನಿವೃತ್ತಿ ಹತ್ತಿರ ಬಂದಿದ್ದವರು, ಹಿಂದೆ ಯಾವತ್ತೂ ಹಾಡಿದವರಲ್ಲ. ಷಡ್ಜ ಹಿಡಿಯಿರಿ ಅಂದರೆ ಅದಕ್ಕಿಂತ ಒಂದು ಚೂರು ಕೆಳಗೆ ನಿಲ್ಲುತ್ತಿದ್ದರು. ನಾನು "ತಪ್ಪು" ಅನ್ನಲಿಲ್ಲ. "ನಿಮ್ಮ ದನಿ, ತಂಬೂರಿ, ಎರಡನ್ನೂ ಒಟ್ಟಿಗೆ ಕೇಳಿ" ಅಂದೆ. ಎರಡು ಸ್ವರ ತೀರಾ ಹತ್ತಿರ ಇದ್ದೂ ಸೇರದೇ ಇದ್ದಾಗ ಒಂದು ಅಲುಗಾಟ ಕೇಳಿಸುತ್ತದೆ, ವಂವ್, ವಂವ್, ವಂವ್ ಅಂತ. ಹತ್ತಿರ ಬಂದಷ್ಟೂ ಆ ಅಲುಗಾಟ ನಿಧಾನವಾಗುತ್ತದೆ. ಸರಿಯಾಗಿ ಸೇರಿದ ಕೂಡಲೇ ನಿಂತುಬಿಡುತ್ತದೆ. ಅವರು ದನಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರು. ಅಲುಗಾಟ ನಿಂತಿತು. ಅವರಿಗೇ ಗೊತ್ತಾಯಿತು, ನಾನು ಹೇಳಬೇಕಾಗಿ ಬರಲಿಲ್ಲ. ಈಗ ಅವರು ಸರಳೆ ವರಸೆಯ ಮುಂದಿನ ಹಂತವಾದ ಜಂಟಿ ವರಸೆಯಲ್ಲಿದ್ದಾರೆ. ಶ್ರುತಿ ಸೇರುವುದು ಹುಟ್ಟಿನಿಂದ ಬರಬೇಕಾದ ವರ ಅಲ್ಲ. ಕೇಳಿ ಕೇಳಿ ಬರುವ ಅಭ್ಯಾಸ. ಸ್ವಲ್ಪ ಜನಕ್ಕೆ ಬೇಗ ಬರುತ್ತದೆ, ಸ್ವಲ್ಪ ಜನಕ್ಕೆ ತಡ ಆಗುತ್ತದೆ.

ಬ್ಯಾಚ್‌ಗಳ ಸಮಯ ಹೀಗಿದೆ:

ಮಕ್ಕಳು, 7ರಿಂದ 12 ವರ್ಷ: ಮಂಗಳವಾರ ಮತ್ತು ಗುರುವಾರ, ಸಂಜೆ 5ರಿಂದ 5:45.

ಹೈಸ್ಕೂಲು, ಕಾಲೇಜಿನವರು: ಅದೇ ದಿನಗಳು, ಸಂಜೆ 6ರಿಂದ 7.

ದೊಡ್ಡವರು, ಬೆಳಗಿನ ಬ್ಯಾಚ್: ಬುಧವಾರ ಮತ್ತು ಶುಕ್ರವಾರ, 10:30ರಿಂದ 11:30. ಮನೆಯಲ್ಲಿರುವವರು, ನಿವೃತ್ತರು ಇದನ್ನೇ ಜಾಸ್ತಿ ಕೇಳುತ್ತಾರೆ.

ಕೆಲಸಕ್ಕೆ ಹೋಗುವವರು: ಶನಿವಾರ ಮತ್ತು ಭಾನುವಾರ, ಬೆಳಿಗ್ಗೆ 7ರಿಂದ 8.

ಆನ್‌ಲೈನ್: ಸೋಮವಾರ ಮತ್ತು ಬುಧವಾರ, ರಾತ್ರಿ 8ರಿಂದ 8:45.

ಒಂದು ಬ್ಯಾಚಿಗೆ ಎಂಟೇ ಜನ. ಪ್ರತಿ ತರಗತಿಯಲ್ಲೂ ಪ್ರತಿಯೊಬ್ಬರೂ ಒಂದು ಸಲವಾದರೂ ಒಬ್ಬರೇ ಹಾಡಬೇಕು ಅನ್ನುವುದು ನನ್ನ ನಿಯಮ. ಗುಂಪಿನಲ್ಲಿ ಹಾಡುವಾಗ ಪಕ್ಕದವರ ದನಿ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ತಪ್ಪು ನಮಗೂ ಕೇಳಿಸುವುದಿಲ್ಲ, ಕಲಿಸುವವರಿಗೂ ಕೇಳಿಸುವುದಿಲ್ಲ. ಹದಿನೈದು ಇಪ್ಪತ್ತು ಜನ ಕೂತರೆ ಇದು ಆಗದ ಕೆಲಸ.

ಆನ್‌ಲೈನ್ ಬ್ಯಾಚಿಗೆ ಸೇರುವವರು ಒಂದು ವಿಷಯ ತಿಳಿದಿರಿ. ಇಂಟರ್‌ನೆಟ್‌ನಲ್ಲಿ ದನಿ ತಲುಪುವುದು ಸ್ವಲ್ಪ ತಡ, ಹಾಗಾಗಿ ಎಲ್ಲರೂ ಒಟ್ಟಿಗೆ ಹಾಡಲು ಆಗುವುದಿಲ್ಲ. ಅಲ್ಲಿ ಆರೇ ಜನ ಇರುತ್ತಾರೆ, ಒಬ್ಬೊಬ್ಬರಾಗಿ ಹಾಡುತ್ತಾರೆ. ತಂಬೂರಿ ನಿಮ್ಮ ಕಡೆಯೇ ಓಡಬೇಕು. ಫೋನಿನಲ್ಲಿ ಒಂದು ತಂಬೂರಿ ಆ್ಯಪ್ ಇದ್ದರೆ ಸಾಕು. ಇನ್ನೊಂದು ತೊಂದರೆ ಏನೆಂದರೆ, ವಿಡಿಯೊ ಕಾಲ್ ಆ್ಯಪ್‌ಗಳು ಒಂದೇ ಸಮನೆ ಬರುವ ತಂಬೂರಿ ನಾದವನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತವೆ. ಅದನ್ನು ತಪ್ಪಿಸುವ ಸೆಟ್ಟಿಂಗ್ ಯಾವುದು ಅಂತ ಮೊದಲ ದಿನವೇ ತೋರಿಸಿಕೊಡುತ್ತೇನೆ. ನಮ್ಮ ಮನೆಗೆ ಬರಲು ಸಾಧ್ಯ ಇರುವವರು ದಯವಿಟ್ಟು ನೇರವಾಗಿಯೇ ಬನ್ನಿ. ಗಮಕ, ಅಂದರೆ ಸ್ವರವನ್ನು ಅಲುಗಿಸಿ ಬಳುಕಿಸಿ ಹಾಡುವುದು, ಕಲಿಯಲು ಎದುರು ಕೂರುವಷ್ಟು ಒಳ್ಳೆಯದು ಬೇರೆ ಇಲ್ಲ.

ಏನು ಕಲಿಸುತ್ತೇನೆ ಅಂತ ಕೇಳುವವರಿಗೆ: ಪುರಂದರದಾಸರು (1484–1564) ಹಾಕಿಕೊಟ್ಟದ್ದು ಅಂತ ನಾವೆಲ್ಲ ನಂಬಿ ನಡೆಸಿಕೊಂಡು ಬಂದಿರುವ ಕ್ರಮವೇ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಅಲ್ಲಿಂದ ಮುಂದೆ ಸ್ವರಜತಿ, ವರ್ಣ, ಕೃತಿ. ಶುರುವಿನ ಪಾಠಗಳೆಲ್ಲ ಮಾಯಾಮಾಳವಗೌಳ ರಾಗದಲ್ಲಿ. 72 ಮೇಳಕರ್ತಗಳಲ್ಲಿ 15ನೆಯದಾದ ಇದನ್ನೇ ಯಾಕೆ ಆರಿಸಿದರು? ಹಾಡಿದರೆ ಗೊತ್ತಾಗುತ್ತದೆ. ಸ ದಿಂದ ರಿ ಗೆ ಚಿಕ್ಕ ಹೆಜ್ಜೆ, ರಿ ಯಿಂದ ಗ ಗೆ ದೊಡ್ಡ ಜಿಗಿತ, ಗ ದಿಂದ ಮ ಕ್ಕೆ ಮತ್ತೆ ಚಿಕ್ಕ ಹೆಜ್ಜೆ. ಪ ದಿಂದ ಮೇಲಿನ ಸ ದವರೆಗೂ ಥೇಟ್ ಇದೇ ಲೆಕ್ಕ. ಕೆಳಗಿನ ಅರ್ಧ ಗಂಟಲಿಗೆ ಹತ್ತಿದರೆ ಮೇಲಿನ ಅರ್ಧದ ದಾರಿಯೂ ಗೊತ್ತಾದ ಹಾಗೆ. ಹೊಸಬರಿಗೆ ಇಷ್ಟು ಅಚ್ಚುಕಟ್ಟಾದ ರಾಗ ಹುಡುಕಿ ಕೊಟ್ಟವರಿಗೆ ನಾನು ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

"ನಮ್ಮ ಮಗು ದೇವರನಾಮ ಯಾವಾಗ ಹಾಡುತ್ತೆ?" ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಎರಡು ಮೂರು ತಿಂಗಳಾದ ಮೇಲೆ ಪಾಠದ ಜೊತೆ ಚಿಕ್ಕ ನಾಮಾವಳಿ, ಸುಲಭದ ದೇವರನಾಮ ಹೇಳಿಕೊಡುತ್ತೇನೆ. ಮಕ್ಕಳಿಗೆ ಉತ್ಸಾಹ ಬೇಕು, ಅಜ್ಜಿ ತಾತನ ಮುಂದೆ ಹಾಡಲು ಏನಾದರೂ ಇರಬೇಕು, ಅಲ್ವಾ? ಆದರೆ ವರಸೆ ಬಿಟ್ಟು ಬರೀ ಹಾಡು ಕಲಿಸಿ ಅಂದರೆ ನನಗೆ ಆಗುವುದಿಲ್ಲ. ವಾರಕ್ಕೆ ಎರಡು ತರಗತಿ, ಮನೆಯಲ್ಲಿ ಅಭ್ಯಾಸ ಇದ್ದರೆ ಅಲಂಕಾರ ಮುಗಿಸಿ ಗೀತೆಗೆ ಬರಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಆರು ತಿಂಗಳಲ್ಲಿ ಸ್ಟೇಜ್ ಹತ್ತಿಸುತ್ತೇನೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಜೂನಿಯರ್ ಪರೀಕ್ಷೆಗೆ ಕೂರಬೇಕು ಅನ್ನುವವರಿಗೆ ತಯಾರಿ ಮಾಡಿಸುತ್ತೇನೆ. ಮಗು ಸಿದ್ಧವಾಗಿದೆ ಅಂತ ಅನಿಸಿದ ಮೇಲೆ ಮಾತ್ರ.

ಹದಿಮೂರು, ಹದಿನಾಲ್ಕು ದಾಟುತ್ತಿರುವ ಹುಡುಗರ ತಂದೆ ತಾಯಂದಿರೇ, ದನಿ ಒಡೆಯಿತು ಅಂತ ಸಂಗೀತ ಬಿಡಿಸಬೇಡಿ. ಆ ಹೊತ್ತಿನಲ್ಲಿ ಶ್ರುತಿ ಇಳಿಸಿ, ಮೇಲಿನ ಸ್ವರಗಳಿಗೆ ಒತ್ತಡ ಹಾಕದೆ, ಮಂದ್ರದಲ್ಲಿ ಹಗುರವಾಗಿ ಹಾಡಿಸುತ್ತೇನೆ. ತಾಳ, ಸ್ವರಜ್ಞಾನದ ಕೆಲಸ ಆಗಲೇ ಜಾಸ್ತಿ ಮಾಡಿಸಬಹುದು. ದನಿ ನಿಧಾನವಾಗಿ ಒಂದು ಕಡೆ ನಿಲ್ಲುತ್ತದೆ. ಅಷ್ಟರಲ್ಲಿ ಹುಡುಗ ಬೇಸರಪಟ್ಟು ದೂರ ಹೋಗಿಬಿಟ್ಟರೆ ಮತ್ತೆ ಕರೆತರುವುದು ಕಷ್ಟ.

ಮನೆಯ ಅಭ್ಯಾಸ ದಿನಕ್ಕೆ 15 ನಿಮಿಷ ಸಾಕು, ಆದರೆ ದಿನಾ ಇರಬೇಕು. ಭಾನುವಾರ ಒಂದೇ ಸಲ ಎರಡು ಗಂಟೆ ಹಾಡಿದರೆ ಗಂಟಲು ದಣಿಯುತ್ತದೆಯೇ ಹೊರತು ಪಾಠ ನಿಲ್ಲುವುದಿಲ್ಲ. ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು, ನನ್ನ ಅಭ್ಯಂತರ ಇಲ್ಲ. ಸ್ವರ, ಸಾಹಿತ್ಯ ಮಾತ್ರ ಕೈಯಲ್ಲೇ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಮಕ್ಕಳೂ ಅಷ್ಟೇ, ಅಮ್ಮ ಬರೆದುಕೊಡುವ ಹಾಗಿಲ್ಲ.

ಫೀಸಿನ ವಿವರವನ್ನು ಉಚಿತ ತರಗತಿ ಆದ ಮೇಲೆ ಪ್ರತಿಯೊಬ್ಬರಿಗೂ ಬರೆದು ಕಳಿಸುತ್ತೇನೆ. ಅದು ತಿಂಗಳ ಲೆಕ್ಕ, ಮೂರು ತಿಂಗಳು, ಆರು ತಿಂಗಳು ಮುಂಗಡ ಕೇಳುವುದಿಲ್ಲ. ನಾನು ರಜೆ ಹಾಕಿದರೆ ಆ ತರಗತಿಯನ್ನು ಬೇರೆ ದಿನ ಮಾಡಿಕೊಡುತ್ತೇನೆ. ನೀವು ತಪ್ಪಿಸಿಕೊಂಡರೆ ಅದೇ ಹಂತದ ಇನ್ನೊಂದು ಬ್ಯಾಚಿನಲ್ಲಿ ಬಂದು ಕೂರಬಹುದು. ಒಂದೇ ಮನೆಯಿಂದ ಇಬ್ಬರು ಸೇರಿದರೆ ಎರಡನೆಯವರಿಗೆ ಅರ್ಧ ಫೀಸು. ಫೀಸು ಕಟ್ಟುವುದು ನಿಜಕ್ಕೂ ಕಷ್ಟ, ಆದರೆ ಕಲಿಯುವ ಆಸೆ ಇದೆ ಅನ್ನುವವರು ಸಂಕೋಚ ಬಿಟ್ಟು ನನ್ನ ಹತ್ತಿರ ಒಂದು ಮಾತು ಹೇಳಿ. ನಮ್ಮಿಬ್ಬರಲ್ಲೇ ಇರುತ್ತದೆ.

ಬರುವವರು ಜೂನ್ 11, ಗುರುವಾರ ರಾತ್ರಿಯೊಳಗೆ ಈ ಮೆಸೇಜಿಗೇ ಉತ್ತರ ಕೊಡಿ. ಹೆಸರು, ವಯಸ್ಸು, ಶನಿವಾರವೋ ಭಾನುವಾರವೋ, ಹಿಂದೆ ಎಲ್ಲಿಯಾದರೂ ಕಲಿತಿದ್ದೀರಾ, ಇಷ್ಟು ಬರೆದರೆ ಸಾಕು. ಬಿಟ್ಟುಹೋದ ಪಾಠ ಮುಂದುವರಿಸುವವರು ಎಲ್ಲಿಗೆ ನಿಲ್ಲಿಸಿದ್ದಿರಿ ಅನ್ನುವುದನ್ನೂ ಸೇರಿಸಿ. ಮನೆಗೆ ಬರುವ ದಾರಿಯ ಲೊಕೇಶನ್ ಕಳಿಸುತ್ತೇನೆ. ತರಗತಿ ಮೊದಲ ಮಹಡಿಯಲ್ಲಿ. ಮೆಟ್ಟಿಲು ಹತ್ತಲು ಕಷ್ಟ ಇರುವವರು ಮೊದಲೇ ತಿಳಿಸಿ, ಅವತ್ತು ಕೆಳಗಿನ ಹಾಲ್‌ನಲ್ಲೇ ಎಲ್ಲರೂ ಕೂರೋಣ. ನೆಲದ ಮೇಲೆ ಕೂರಲು ಆಗದವರಿಗೆ ಕುರ್ಚಿ ಇದೆ. ಚಿಕ್ಕ ಮಕ್ಕಳ ಜೊತೆ ಮನೆಯವರು ಒಬ್ಬರು ಕೂರಬಹುದು. ಅವರೂ ನಮ್ಮ ಜೊತೆ ಹಾಡಬೇಕು, ಅಷ್ಟೇ.

ಹೊಟ್ಟೆ ತುಂಬ ಉಂಡ ಕೂಡಲೇ ಬರಬೇಡಿ, ಉಸಿರು ಹಿಡಿಯಲು ಕಷ್ಟ ಆಗುತ್ತದೆ. ಒಂದು ಬಾಟಲಿ ನೀರು, ಒಂದು ನೋಟ್‌ಬುಕ್, ಪೆನ್ನು ತನ್ನಿ. ಐದು ನಿಮಿಷ ಮುಂಚೆ ಬಂದರೆ ಒಳ್ಳೆಯದು, ತಂಬೂರಿ ಶುರುವಾದ ಮೇಲೆ ಬಾಗಿಲು ಹಾಕಿಕೊಳ್ಳುತ್ತೇನೆ.

ಸುಮಾ ಟೀಚರ್
ಕರ್ನಾಟಕ ಸಂಗೀತ, ಗಾಯನ