ಸಂಕಷ್ಟಿಯ ಚಂದ್ರನೂ ಸುಣ್ಣದ ಚೆಂಡೂ

ಸಾಗರ
ಭಾನುವಾರ ರಾತ್ರಿ

ಪ್ರೀತಿಯ ಅನ್ವಿತಾ ಪುಟ್ಟಿ,

ಮೊನ್ನೆ ಸಂಕಷ್ಟಿಯ ದಿನ ಅಜ್ಜಿ ಹಸಿದುಕೊಂಡು ಜಗಲಿಯಲ್ಲಿ ಕುಳಿತಿದ್ದಾಗ ನೀನು ಫೋನಿನಲ್ಲಿ ಎರಡು ಪ್ರಶ್ನೆ ಕೇಳಿದೆ. ಈ ಚಂದ್ರ ಒಂಬತ್ತು ಗಂಟೆಯವರೆಗೆ ಎಲ್ಲಿಗೆ ಹೋಗಿರುತ್ತಾನೆ? ಬಂದಾಗಲಾದರೂ ಪೂರ್ತಿಯಾಗಿ ಏಕೆ ಬರುವುದಿಲ್ಲ? ಅಜ್ಜಿ "ಗಣಪತಿಯನ್ನು ನೋಡಿ ನಕ್ಕಿದ್ದಕ್ಕೆ ಶಾಪ" ಎಂದರು. ನಿನ್ನ ಗೆಳತಿ "ಭೂಮಿಯ ನೆರಳು ಬೀಳುತ್ತದೆ" ಎಂದಳಂತೆ. ಅಜ್ಜಿಯ ಕಥೆಯನ್ನು ನಾನು ಮುಟ್ಟುವುದಿಲ್ಲ, ಅದು ಚೆನ್ನಾಗಿಯೇ ಇದೆ. ಗೆಳತಿಯ ಉತ್ತರ ಮಾತ್ರ ತಪ್ಪು. ಅದು ಏಕೆ ತಪ್ಪು ಎಂದು ನಾನು ಹೇಳುವುದಕ್ಕಿಂತ ನೀನೇ ನೋಡುವುದು ವಾಸಿ. ಈ ಕಾಗದದ ಫೋಟೊವನ್ನು ನಿನ್ನ ಅಮ್ಮನ ಮೊಬೈಲ್‌ಗೆ ಕಳಿಸುತ್ತಿದ್ದೇನೆ. ಓದುತ್ತಾ ಮಾಡು.

ಮೊದಲು ಚೆಂಡು. ಟೇಬಲ್ ಟೆನಿಸ್ ಚೆಂಡು ಬೇಡ. ಬೆಳಕು ಅದರೊಳಕ್ಕೇ ನುಗ್ಗಿ ಇಡೀ ಚೆಂಡು ಮಿಣಮಿಣ ಎನ್ನುತ್ತದೆ, ಕತ್ತಲ ಭಾಗ ಎಲ್ಲಿಂದ ಶುರು ಎಂದು ತಿಳಿಯುವುದಿಲ್ಲ. ನಾನು ಶಾಲೆಯಲ್ಲಿ ಒಮ್ಮೆ ಹೀಗೆ ಮಾಡಲು ಹೋಗಿ ಮಕ್ಕಳ ಮುಂದೆ ಪೆಚ್ಚಾಗಿದ್ದೇನೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಚೆಂಡಿಗೆ ಸುಣ್ಣ ಬಳಿದು ಒಣಗಿಸು, ಅಪ್ಪನಿಂದ ತೂತು ಮಾಡಿಸಿ ಪೆನ್ಸಿಲ್ ಸಿಕ್ಕಿಸು. ಇದು ಚಂದ್ರ. ಮೇಜಿನ ದೀಪದ ಮೇಲಿನ ಮುಚ್ಚಳ ತೆಗೆಸಿ, ಬರಿಯ ಬಲ್ಬ್ ನಿನ್ನ ಕಣ್ಣಿನ ಮಟ್ಟಕ್ಕೆ ಬರುವಂತೆ ಇಡಿಸು. ಅದು ಸೂರ್ಯ. ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡು. ಭೂಮಿ ಯಾವುದು ಎಂದರೆ, ನಿನ್ನ ತಲೆ. ಮೂಗಿನ ತುದಿಯೇ ಬೆಂಗಳೂರು, ನಿಮ್ಮ ಮನೆ.

ಈಗ ಚೆಂಡನ್ನು ಅಪ್ಪನ ಕೈಗೆ ಕೊಟ್ಟು, ಅಲುಗಾಡಿಸದೆ ಹಿಡಿದುಕೊಳ್ಳಲು ಹೇಳಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕು. ಚೆಂಡಿನ ಅರ್ಧ ಬೆಳಗಿದೆ, ಅರ್ಧ ಕಪ್ಪಗಿದೆ. ನೀನು ಎಷ್ಟೇ ಸುತ್ತಿದರೂ ಆ ಅರ್ಧ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಆದರೆ ಒಂದು ಕಡೆಯಿಂದ ಬೆಳಕು ತುಂಬಿ ಕಾಣುತ್ತದೆ, ಇನ್ನೊಂದು ಕಡೆಯಿಂದ ಎಳೆಯಷ್ಟು ಕಾಣುತ್ತದೆ. ಇಷ್ಟು ಹೊಳೆದರೆ ಮುಕ್ಕಾಲು ಪಾಠ ಮುಗಿಯಿತು. ಚಂದ್ರನ ಕಪ್ಪು ಭಾಗದ ಮೇಲೆ ಬಿದ್ದಿರುವುದು ಭೂಮಿಯ ನೆರಳಲ್ಲ, ಅಲ್ಲಿ ಆಗ ರಾತ್ರಿ, ಅಷ್ಟೇ. ನಮ್ಮ ಹಗಲು, ರಾತ್ರಿಯ ಹಾಗೆ.

ಚೆಂಡನ್ನು ಈಗ ನೀನೇ ಹಿಡಿ. ಕೈ ಉದ್ದಕ್ಕೆ ಚಾಚಿ, ನೆತ್ತಿಗಿಂತ ತುಸು ಮೇಲೆ. ದೀಪಕ್ಕೆ ಮುಖ ಮಾಡಿ ನಿಲ್ಲು. ಬೆಳಕೆಲ್ಲ ಚೆಂಡಿನ ಆ ಬದಿಗೆ ಬಿದ್ದಿದೆ, ನಿನ್ನ ಕಡೆಗೆ ಕಪ್ಪು. ಇದು ಅಮಾವಾಸ್ಯೆ. ನಿಂತಲ್ಲಿಯೇ ನಿಧಾನವಾಗಿ ಎಡಕ್ಕೆ ತಿರುಗು, ಚಾಚಿದ ಕೈ ನಿನ್ನ ಜೊತೆಯೇ ತಿರುಗಲಿ. ಬಲ ಅಂಚಿನಲ್ಲಿ ಒಂದು ಬೆಳ್ಳಿಯ ಎಳೆ ಮೂಡುತ್ತದೆ. ಯುಗಾದಿ ಕಳೆದ ಮೇಲೆ ಮಹಡಿ ಹತ್ತಿ ಪಶ್ಚಿಮದಲ್ಲಿ ಹುಡುಕುತ್ತೇವಲ್ಲ, ಅದೇ ಬಿದಿಗೆ ಚಂದ್ರ. ರಂಜಾನ್ ಮುಗಿಯುವಾಗ ನಿಮ್ಮ ಎದುರು ಮನೆಯವರು ಕಾಯುವುದೂ ಇಂಥ ಎಳೆಗೇ. (ನಮ್ಮ ಕಡೆ ಸಂಜೆಯ ಹೊತ್ತು ಅದು ಹೆಚ್ಚುಕಡಿಮೆ ದೋಣಿಯ ಹಾಗೆ ಮಲಗಿರುತ್ತದೆ. ಸೂರ್ಯ ಅದರ ಕೆಳಗೆ ಮುಳುಗಿರುವುದರಿಂದ ಹೊಳೆಯುವ ಅಂಚೂ ಕೆಳಗೇ. ಚಿತ್ರ ಬಿಡಿಸುವಾಗ ನೆನಪಿರಲಿ.)

ದೀಪ ನಿನ್ನ ಬಲಕಿವಿಯ ನೇರಕ್ಕೆ ಬಂದಾಗ ಚೆಂಡಿನ ಬಲ ಅರ್ಧ ಬೆಳಗಿರುತ್ತದೆ. ಶುಕ್ಲ ಪಕ್ಷದ ಅಷ್ಟಮಿ. ಇನ್ನೂ ತಿರುಗು. ದೀಪಕ್ಕೆ ಬೆನ್ನು ಹಾಕಿದಾಗ, ನಿನ್ನ ತಲೆಯ ಮೇಲಿಂದ ಹಾದ ಬೆಳಕು ಚೆಂಡಿನ ಇಡೀ ಮುಖಕ್ಕೆ ಬೀಳುತ್ತದೆ. ಹುಣ್ಣಿಮೆ! ಇಲ್ಲಿ ಸ್ವಲ್ಪ ನಿಲ್ಲು. ಕೈಯನ್ನು ಮೆಲ್ಲಗೆ ಇಳಿಸು. ನಿನ್ನ ತಲೆಯ ನೆರಳು ಚೆಂಡನ್ನು ನುಂಗಿತೇ? ನಿನ್ನ ಗೆಳತಿ ಹೇಳಿದ ಭೂಮಿಯ ನೆರಳು ಇದೇ, ಇದರ ಹೆಸರು ಚಂದ್ರಗ್ರಹಣ. ಪ್ರತಿ ಹುಣ್ಣಿಮೆಗೂ ಗ್ರಹಣವಾಗದಿರುವುದಕ್ಕೆ ಕಾರಣ ಚಂದ್ರನ ದಾರಿ ಸುಮಾರು 5 ಡಿಗ್ರಿ ವಾರೆಯಾಗಿರುವುದು. ಬಹಳ ಸಲ ಅವನು ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ತಪ್ಪಿಸಿಕೊಂಡು ಹೋಗುತ್ತಾನೆ. ಕೈ ಮತ್ತೆ ಮೇಲೆತ್ತಿ ಸುತ್ತು ಮುಗಿಸು. ಈಗ ಬಲಗಡೆಯಿಂದ ಕತ್ತಲು ಏರುತ್ತಾ ಬರುತ್ತದೆ, ಎಡಗಡೆ ಮಾತ್ರ ಬೆಳಕು ಉಳಿಯುತ್ತದೆ. ಅದು ಕೃಷ್ಣ ಪಕ್ಷ. ನೀನು ಅರ್ಧ ನಿಮಿಷದಲ್ಲಿ ಮುಗಿಸಿದ ಈ ಸುತ್ತಿಗೆ ಚಂದ್ರ ಸುಮಾರು 29 ದಿನ 12 ಗಂಟೆ 44 ನಿಮಿಷ ತೆಗೆದುಕೊಳ್ಳುತ್ತಾನೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿಯೊಂದಿದೆ. ಗೋಡೆಯ ಗಡಿಯಾರ ನೋಡು, ಸುತ್ತಲೂ 60 ಗೀಟು. ಒಂದು ಸುತ್ತಿನಲ್ಲಿ ತಿಥಿಗಳು 30. ಅಂದರೆ ಆಕಾಶದಲ್ಲಿ ಸೂರ್ಯನಿಂದ ಚಂದ್ರ ಎರಡು ಗೀಟಿನಷ್ಟು, 12 ಡಿಗ್ರಿ, ದೂರ ಸರಿದರೆ ಒಂದು ತಿಥಿ. ಪಂಚಾಂಗದಲ್ಲಿ ಅಜ್ಜಿ ಬೆರಳಿಟ್ಟು ಹುಡುಕುವ ಪಾಡ್ಯ, ಬಿದಿಗೆ, ತದಿಗೆಗಳೆಲ್ಲ ದೀಪ ಮತ್ತು ಚೆಂಡಿನ ನಡುವಿನ ಕೋನಗಳು.

ಈಗ ಅಜ್ಜಿಯ ಹಸಿವಿನ ಲೆಕ್ಕ. ಚೆಂಡು ಮತ್ತೆ ಅಪ್ಪನ ಕೈಗೆ ಹೋಗಲಿ. ದೀಪ ಬಲಕಿವಿಗೆ ಬರುವಂತೆ ನಿಲ್ಲು. ಕಿವಿಯ ನೇರವೇ ದಿಗಂತ ಎಂದುಕೊ. ನಿನ್ನ ಮೂಗಿಗೆ, ಅಂದರೆ ಬೆಂಗಳೂರಿಗೆ, ಇದು ಸೂರ್ಯ ಮುಳುಗುವ ಹೊತ್ತು. ಅಪ್ಪ ಚೆಂಡನ್ನು ಎಡಕಿವಿಯ ನೇರಕ್ಕೆ ಹಿಡಿದರೆ ಅದು ಹುಣ್ಣಿಮೆ: ಪಶ್ಚಿಮದಲ್ಲಿ ಸೂರ್ಯ ಇಳಿಯುತ್ತಿದ್ದಂತೆ ಪೂರ್ವದಲ್ಲಿ ಚಂದ್ರ ಏರುತ್ತಾನೆ. ಸಂಕಷ್ಟಿ ಹುಣ್ಣಿಮೆಯಾದ ಮೇಲಿನ ಚೌತಿ. ಆದ್ದರಿಂದ ಚೆಂಡನ್ನು ಇನ್ನೂ ಎಂಟು ಗೀಟಿನಷ್ಟು ಹಿಂದಕ್ಕೆ, ನಿನ್ನ ಎಡಕಿವಿಯ ಹಿಂದಕ್ಕೆ ಒಯ್ಯಲು ಹೇಳು. ಕಾಣಿಸುತ್ತದೆಯೇ? ಇಲ್ಲ. ಮುಂದೆ ನೋಡಿಕೊಂಡೇ ಮೈಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸು. ಚೆಂಡು ಎಡಕಿವಿಯ ನೇರಕ್ಕೆ ಬಂತಲ್ಲ, ಅದೇ ಅಜ್ಜಿಯ ಚಂದ್ರೋದಯ. ನೀನು ತಿರುಗಿದ ಆ ಚೂರಿಗೆ ಭೂಮಿಗೆ ಸುಮಾರು ಮೂರು ಗಂಟೆ ಬೇಕು. ದಿನಕ್ಕೆ ಸರಾಸರಿ 50 ನಿಮಿಷ ತಡ ಮಾಡುವ ಚಂದ್ರ ನಾಲ್ಕು ದಿನಕ್ಕೆ ಒಂಬತ್ತರ ಆಸುಪಾಸಿಗೆ ಬಂದು ನಿಲ್ಲುತ್ತಾನೆ. ಅಷ್ಟರಲ್ಲಿ ಕಡುಬು ಆರಿರುತ್ತದೆ.

ಚಂದ್ರನ ಒಂದೊಂದು ಜಾಗದಲ್ಲೂ ಹಗಲು ಸುಮಾರು ನಮ್ಮ 14 ದಿನದಷ್ಟು ಉದ್ದ ಎಂಬುದೂ ಈ ಚೆಂಡಿನಲ್ಲಿಯೇ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಅಲ್ಲಿ ಬೆಳಗಾದ ಹೊತ್ತಿಗೆ. ಸೌರಫಲಕಕ್ಕೆ ಬಿಸಿಲು ಬೇಕಲ್ಲ! ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಕತ್ತಲಾಗುವ ಮುನ್ನ ಅದನ್ನು ಮಲಗಿಸಿದರು.

ಕೊನೆಗೊಂದು ಕೆಲಸ, ಇದಕ್ಕೆ ದೀಪ ಬೇಡ. ಮಂಗಳವಾರವೋ ಬುಧವಾರವೋ ಕೃಷ್ಣ ಪಕ್ಷದ ಅಷ್ಟಮಿಯ ಆಸುಪಾಸು. ಬೆಳಿಗ್ಗೆ ಏಳೂವರೆಗೆ ಶಾಲೆಯ ಬಸ್ಸಿಗೆ ಕಾಯುವಾಗ ನೆತ್ತಿಯಿಂದ ತುಸು ಪಶ್ಚಿಮಕ್ಕೆ ನೋಡು, ಮಾಸಲು ಬಿಳುಪಿನ ಅರ್ಧ ಚಂದ್ರ ಇರುತ್ತಾನೆ. ಬಿಸಿಲಿನಲ್ಲಿ ನಿಂತು ಚೆಂಡನ್ನು ಅವನ ಪಕ್ಕಕ್ಕೇ ಕಾಣುವಂತೆ ಎತ್ತಿ ಹಿಡಿ. ಸೂರ್ಯನ ಕಡೆ ಮಾತ್ರ ನೇರವಾಗಿ ನೋಡಬೇಡ. ಚೆಂಡಿನ ಯಾವ ಅರ್ಧ ಬೆಳಗಿದೆ, ಚಂದ್ರನ ಯಾವ ಅರ್ಧ ಬೆಳಗಿದೆ, ಎರಡನ್ನೂ ಬಿಡಿಸಿ ಕಳಿಸು. ಅಜ್ಜಿಗೂ ತೋರಿಸಬೇಕು.

ನಿನ್ನ
ಮಾವ