ವಿಚಾರಣೆಯ ತೀರ್ಮಾನದ ವಿರುದ್ಧ ಮೇಲ್ಮನವಿ

ದಿನಾಂಕ: 3 ಮಾರ್ಚ್ 2026

ಇವರಿಗೆ,
ಪ್ರಧಾನ ವ್ಯವಸ್ಥಾಪಕರು ಹಾಗೂ ಮೇಲ್ಮನವಿ ಅಧಿಕಾರಿಗಳು

ಇವರಿಂದ,
ಸ್ಟೋರ್ ಸಹಾಯಕಿ, ಸಿಬ್ಬಂದಿ ಸಂಖ್ಯೆ 2147

ವಿಷಯ: ತಾಮ್ರದ ತಂತಿಯ 6 ಸುರುಳಿ ಕಾಣೆಯಾದ ಪ್ರಕರಣದಲ್ಲಿ ನನಗೆ ವಿಧಿಸಿರುವ ಶಿಕ್ಷೆಯ ವಿರುದ್ಧ ಮೇಲ್ಮನವಿ

ಉಲ್ಲೇಖ: 20 ಫೆಬ್ರವರಿ 2026ರ ವಿಚಾರಣಾ ವರದಿ ಮತ್ತು 24 ಫೆಬ್ರವರಿ 2026ರ ಶಿಕ್ಷೆ ಆದೇಶ

ಮಾನ್ಯರೇ,

ಮೇಲಿನ ಆದೇಶದ ಪ್ರಕಾರ ನನ್ನ ಒಂದು ವರ್ಷದ ವೇತನ ಬಡ್ತಿ ನಿಂತಿದೆ, ನನ್ನನ್ನು ಸ್ಟೋರ್‌ನಿಂದ ತೆಗೆದಿದ್ದಾರೆ, ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಗಿದೆ. ಆದೇಶ ಕೈಗೆ ಸಿಕ್ಕ 15 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದು ನಮ್ಮ ಶಿಸ್ತು ನಿಯಮ ಹೇಳುತ್ತದೆ. ಆ ಅವಧಿಯೊಳಗೇ ಈ ಪತ್ರ ಬರೆಯುತ್ತಿದ್ದೇನೆ.

ಉಳಿದದ್ದನ್ನು ಹೇಳುವ ಮೊದಲು ಒಂದು ತುರ್ತು ಕೋರಿಕೆ. ಗೇಟ್ ಮತ್ತು ಸ್ಟೋರ್ ಬಾಗಿಲಿನ ಕ್ಯಾಮೆರಾ ದೃಶ್ಯಗಳು 45 ದಿನ ಮಾತ್ರ ಉಳಿಯುತ್ತವೆ, ಆಮೇಲೆ ಅವುಗಳ ಮೇಲೆಯೇ ಹೊಸ ದೃಶ್ಯ ದಾಖಲಾಗುತ್ತದೆ. ಜನವರಿ 19ರ ದೃಶ್ಯಕ್ಕೆ ಮಾರ್ಚ್ 5 ಕೊನೆಯ ದಿನ. ಅದನ್ನು ತೆಗೆದಿಡಿ ಎಂದು ಜನವರಿ 28ರಂದೇ ಬರೆದು ಕೊಟ್ಟಿದ್ದೆ. ಉತ್ತರ ಬರಲಿಲ್ಲ. ವರದಿಯಲ್ಲೂ ಆ ಮಾತಿಲ್ಲ. ದಯವಿಟ್ಟು ಇವತ್ತೇ ಅದರ ಪ್ರತಿ ಮಾಡಿಸಿ ನಿಮ್ಮ ಕಚೇರಿಯಲ್ಲಿ ಇಡಿಸಿ. ನಾನು ತಪ್ಪು ಮಾಡಿದ್ದರೆ ಅದರಲ್ಲೇ ಕಾಣುತ್ತದೆ, ಮಾಡಿಲ್ಲದಿದ್ದರೂ ಅದರಲ್ಲೇ ಕಾಣುತ್ತದೆ.

ಇನ್ನು ತೀರ್ಮಾನದ ವಿಷಯ. ವರದಿ ನಿಂತಿರುವುದು ಒಂದೇ ಆಧಾರದ ಮೇಲೆ. ಜನವರಿ 19ರ ರಾತ್ರಿ 7:42ಕ್ಕೆ STORE02 ಎಂಬ ಲಾಗಿನ್‌ನಿಂದ 6 ಸುರುಳಿಗಳನ್ನು ಸ್ಟಾಕ್‌ನಿಂದ ಕಳೆದು ತೋರಿಸಲಾಗಿದೆ. ಆ ಲಾಗಿನ್ ನನ್ನ ಹೆಸರಿನಲ್ಲಿದೆ, ಹಾಗಾಗಿ ಆ ಕೆಲಸ ನನ್ನದೇ ಎಂದು ವಿಚಾರಣಾಧಿಕಾರಿಗಳು ಬರೆದಿದ್ದಾರೆ.

ಆದರೆ ಆ ಹೊತ್ತಿಗೆ ನಾನು ಆವರಣದಲ್ಲೇ ಇರಲಿಲ್ಲ. ಸಂಜೆ 6:00ಕ್ಕೆ ಸ್ಟೋರ್ ಕೀಲಿಯನ್ನು ಮುಂದಿನ ಪಾಳಿಗೆ ಒಪ್ಪಿಸಿ ಕೀಲಿ ರಿಜಿಸ್ಟರ್‌ನಲ್ಲಿ ಸಹಿ ಮಾಡಿದ್ದೇನೆ. 6:05ಕ್ಕೆ ಗೇಟಿನ ಯಂತ್ರದಲ್ಲಿ ಬೆರಳೊತ್ತಿ ಹೊರಗೆ ಹೋಗಿದ್ದೇನೆ. ಮತ್ತೆ ಒಳಗೆ ಬಂದದ್ದು ಮಾರನೇ ದಿನ ಬೆಳಿಗ್ಗೆ 8:50ಕ್ಕೆ. ನಮ್ಮಲ್ಲಿ ಇರುವುದು ಒಂದೇ ಗೇಟ್. ಸ್ಟಾಕ್ ಪ್ರೋಗ್ರಾಂ ಸ್ಟೋರ್‌ನ ಎರಡು ಕಂಪ್ಯೂಟರ್‌ಗಳಲ್ಲಿ ಬಿಟ್ಟರೆ ಬೇರೆಲ್ಲೂ ತೆರೆಯುವುದಿಲ್ಲ, ಮನೆಯಲ್ಲಿ ಕೂತು ಮಾಡುವ ಕೆಲಸ ಅದಲ್ಲ. ಹೊರಗೆ ಹೋಗಿ ಒಂದೂವರೆ ಗಂಟೆಗೂ ಜಾಸ್ತಿ ಆದ ಮೇಲೆ ಒಳಗಿನ ಕಂಪ್ಯೂಟರಿನಲ್ಲಿ ನಾನು ಹೇಗೆ ಎಂಟ್ರಿ ಮಾಡಲು ಸಾಧ್ಯ? ಈ ಪ್ರಶ್ನೆಗೆ ವರದಿ ಉತ್ತರ ಕೊಡಬೇಕಿತ್ತು, ಅಲ್ವಾ? ಗೇಟ್ ದಾಖಲೆ ಮತ್ತು ಕೀಲಿ ರಿಜಿಸ್ಟರ್‌ನ ಪ್ರತಿಗಳನ್ನು ನಾನೇ ವಿಚಾರಣೆಯಲ್ಲಿ ಕೊಟ್ಟಿದ್ದೆ. ಸ್ವೀಕರಿಸಿದ್ದಕ್ಕೆ ಅಧಿಕಾರಿಗಳ ಸಹಿಯೂ ಇದೆ. ಹೀಗಿದ್ದೂ 7 ಪುಟದ ವರದಿಯಲ್ಲಿ ಈ ಎರಡರ ಹೆಸರೇ ಇಲ್ಲ. ಸಾಕ್ಷ್ಯ ನೋಡಿ, ಇದು ನಂಬುವಂಥದ್ದಲ್ಲ ಎಂದು ಕಾರಣ ಕೊಟ್ಟಿದ್ದರೆ ಆ ಕಾರಣಕ್ಕೆ ಉತ್ತರ ಕೊಡಬಹುದಿತ್ತು. ಇಲ್ಲಿ ನೋಡಿಯೇ ಇಲ್ಲ.

STORE02 ಅನ್ನು ಮೂರು ಜನ ಬಳಸುತ್ತೇವೆ. ಪಾಳಿ ಬದಲಾದಾಗ ಕೆಲಸ ನಿಲ್ಲಬಾರದೆಂದು ವಿಭಾಗದಿಂದಲೇ ಬಂದ ಸೂಚನೆ ಅದು. ಇದು ಸರಿಯಲ್ಲ, ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ ಎಂದು 12 ನವೆಂಬರ್ 2025ರಂದು ನಾನು ಇಮೇಲ್ ಕಳಿಸಿದ್ದೆ. "ಸದ್ಯಕ್ಕೆ ಇದ್ದ ಹಾಗೇ ನಡೆಯಲಿ" ಎಂದು ಉತ್ತರ ಬಂತು. ಈ ಎರಡೂ ಇಮೇಲ್ ವಿಚಾರಣೆಯ ಕಡತದಲ್ಲಿವೆ. ವರದಿಯಲ್ಲಿ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿರುವ ಸಂಗತಿ ಹೇಳುತ್ತೇನೆ. ಆ ಉತ್ತರ ಬರೆದ ಅಧಿಕಾರಿಗಳೇ ಈ ಪ್ರಕರಣದ ವಿಚಾರಣಾಧಿಕಾರಿಗಳು. ಲಾಗಿನ್ ಹಂಚಿಕೊಂಡಿದ್ದರಿಂದ ಈ ತೊಂದರೆ ಆಯಿತು ಎಂದು ಒಪ್ಪಿದರೆ ಅವರದೇ ನಿರ್ಧಾರದ ಮೇಲೆ ಪ್ರಶ್ನೆ ಏಳುತ್ತದೆ. ಅವರು ಬೇಕೆಂದೇ ಹೀಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ತನಗೆ ಸಂಬಂಧಪಟ್ಟ ವಿಷಯದಲ್ಲಿ ಯಾರೂ ತಾವೇ ತೀರ್ಪು ಕೊಡಬಾರದು. ಸಹಜ ನ್ಯಾಯದ ಮೊದಲ ಪಾಠವೇ ಅದು. ಫೆಬ್ರವರಿ 6ರಂದು ವಿಚಾರಣೆ ಶುರುವಾಗುವ ಮೊದಲೇ ಈ ಆಕ್ಷೇಪವನ್ನು ಬರೆದು ಕೊಟ್ಟಿದ್ದೆ. ಅದಕ್ಕೆ ಸ್ವೀಕೃತಿಯ ಮುದ್ರೆ ಬಿದ್ದಿದೆ, ಆದರೆ ನಡಾವಳಿಯಲ್ಲಿ ಅದರ ಸುಳಿವಿಲ್ಲ.

ವಿಚಾರಣೆ ನಡೆದ ರೀತಿಯೂ ಸರಿಯಿರಲಿಲ್ಲ. ನೋಟಿಸ್ ಕೈಗೆ ಬಂದದ್ದು ಫೆಬ್ರವರಿ 5ರ ಸಂಜೆ 5:15ಕ್ಕೆ, ಹಾಜರಾಗಬೇಕಿದ್ದದ್ದು ಮಾರನೇ ದಿನ ಬೆಳಿಗ್ಗೆ 10ಕ್ಕೆ. ಕನಿಷ್ಠ 3 ಕೆಲಸದ ದಿನ ಮೊದಲು ತಿಳಿಸಬೇಕು, ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆತರಬಹುದು ಎಂದು ನಮ್ಮ ಶಿಸ್ತು ನಿಯಮದಲ್ಲೇ ಇದೆ. ಎರಡೂ ಸಿಗಲಿಲ್ಲ.

ವರದಿಯ 4ನೇ ಪುಟದಲ್ಲಿ "ಆ ಸಂಜೆ ಆಕೆಯನ್ನು ಸ್ಟೋರ್‌ನಲ್ಲಿ ನೋಡಿದ್ದಾಗಿ ಸಹೋದ್ಯೋಗಿ ಹೇಳಿದ್ದಾರೆ" ಎಂಬ ವಾಕ್ಯವಿದೆ. ಯಾರು ಹೇಳಿದ್ದು, ಎಷ್ಟು ಗಂಟೆಗೆ ನೋಡಿದ್ದು ಎಂಬುದಿಲ್ಲ. ಸಂಜೆ 6:00ರವರೆಗೂ ನಾನು ಸ್ಟೋರ್‌ನಲ್ಲೇ ಇದ್ದೆ, ಅದು ನನ್ನ ಕೆಲಸದ ಸಮಯ! ಆ ಹೇಳಿಕೆಯ ಪ್ರತಿಯನ್ನು ನನಗೆ ಕೊಡಲಿಲ್ಲ. ಪ್ರಶ್ನೆ ಕೇಳಲೂ ಬಿಡಲಿಲ್ಲ. ವರದಿ ಬಂದ ಮೇಲಷ್ಟೇ ಇಂಥದ್ದೊಂದು ಹೇಳಿಕೆ ಇದೆ ಎಂದು ಗೊತ್ತಾಯಿತು. ಇನ್ನೊಂದು ಕಡೆ, ಆ ರಾತ್ರಿ ಗೇಟಿನಲ್ಲಿದ್ದ ಕಾವಲು ಸಿಬ್ಬಂದಿಯನ್ನು ಕರೆಸಿ ಎಂದು ನಾನು ಕೇಳಿದ್ದಕ್ಕೆ "ಅಗತ್ಯ ಕಂಡುಬರಲಿಲ್ಲ" ಎಂದು ಬರೆದಿದ್ದಾರೆ. ಯಾಕೆ ಅಗತ್ಯವಿಲ್ಲ ಎಂದು ಹೇಳಿಲ್ಲ. 6 ಸುರುಳಿ ಭಾರವಾದ ಮಾಲು, ಕೈಚೀಲದಲ್ಲಿ ಹೋಗುವುದಿಲ್ಲ. ಗೇಟ್ ಪಾಸ್ ಇಲ್ಲದೆ ಅದು ಹೊರಗೆ ಹೋಗಿದ್ದರೆ ಮೊದಲು ಕೇಳಬೇಕಾದವರು ಗೇಟಿನಲ್ಲಿ ಇದ್ದವರು.

ಇನ್ನೂ ಒಂದು ಮಾತು. ಜನವರಿ 27ರ ಆರೋಪಪತ್ರದಲ್ಲಿ ನನ್ನ ಮೇಲಿದ್ದದ್ದು ಮಾಲನ್ನು ಅಕ್ರಮವಾಗಿ ಸಾಗಿಸಿದ ಆರೋಪ. ವರದಿಯ ಕೊನೆಗೆ ಬಂದಾಗ "ಲಾಗಿನ್ ಕಾಪಾಡಿಕೊಳ್ಳುವಲ್ಲಿ ನಿರ್ಲಕ್ಷ್ಯ" ಎಂಬ ಹೊಸ ಮಾತು ಸೇರಿಕೊಂಡಿದೆ. ಶಿಕ್ಷೆ ಎರಡಕ್ಕೂ ಸೇರಿಸಿ ಕೊಟ್ಟಿದ್ದಾರೆ. ಕೇಳಿರದ ಆರೋಪಕ್ಕೆ ನಾನು ಉತ್ತರ ಕೊಡುವುದಾದರೂ ಹೇಗೆ? ಅದರ ಬಗ್ಗೆ ಕೇಳಿದ್ದರೆ ನವೆಂಬರಿನ ಇಮೇಲನ್ನೇ ಮುಂದಿಡುತ್ತಿದ್ದೆ.

ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಮಾಲು ಎಲ್ಲಿ ಹೋಯಿತು ಎಂಬುದು ಗೊತ್ತಾಗಲೇಬೇಕು, ಅದು ನನಗೂ ಬೇಕು. 9 ವರ್ಷದ ಸೇವೆಯಲ್ಲಿ ನನಗೆ ಒಂದು ಮೆಮೊ ಕೂಡ ಬಂದಿಲ್ಲ. ಈಗ ಸ್ಟೋರ್ ಮುಂದೆ ಹಾದುಹೋಗುವಾಗ ಜನ ಮಾತು ನಿಲ್ಲಿಸುತ್ತಾರೆ. ಬಡ್ತಿಗಿಂತ ನನಗೆ ಹೆಚ್ಚು ಚುಚ್ಚುವುದು ಅದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಫೆಬ್ರವರಿ 20ರ ತೀರ್ಮಾನ ಮತ್ತು 24ರ ಆದೇಶವನ್ನು ರದ್ದು ಮಾಡಿ, ಸೇವಾ ಪುಸ್ತಕದಲ್ಲಿನ ದಾಖಲೆಯನ್ನು ತೆಗೆಸಿ. ಇನ್ನೂ ವಿಚಾರಣೆ ಬೇಕು ಎನಿಸಿದರೆ ಸ್ಟೋರ್‌ಗೂ ಸಿಸ್ಟಮ್ಸ್ ವಿಭಾಗಕ್ಕೂ ಸಂಬಂಧವಿಲ್ಲದ ಅಧಿಕಾರಿಯಿಂದ ಹೊಸದಾಗಿ ಮಾಡಿಸಿ. ಸಹೋದ್ಯೋಗಿಯ ಹೇಳಿಕೆಯ ಪ್ರತಿ ನನಗೆ ಮೊದಲೇ ಸಿಗಲಿ, ಗೇಟಿನ ಸಿಬ್ಬಂದಿಯನ್ನು ಕರೆಸಲಿ. ಈ ಮೇಲ್ಮನವಿ ಇತ್ಯರ್ಥವಾಗುವ ತನಕ ಶಿಕ್ಷೆಯನ್ನು ತಡೆಹಿಡಿಯಿರಿ. ನಿಮ್ಮ ಮುಂದೆ ಖುದ್ದಾಗಿ ಹಾಜರಾಗಿ ಹೇಳಲು ಒಂದು ಅವಕಾಶ ಕೊಡಿ, ಕರೆದ ದಿನ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಸ್ಟೋರ್ ಸಹಾಯಕಿ, ಸಿಬ್ಬಂದಿ ಸಂಖ್ಯೆ 2147

ಲಗತ್ತು: ಗೇಟ್ ಹಾಜರಾತಿ ದಾಖಲೆ ಮತ್ತು ಕೀಲಿ ರಿಜಿಸ್ಟರ್ ಪುಟದ ಪ್ರತಿ (ಸ್ವೀಕೃತಿ ಸಹಿಯೊಂದಿಗೆ), ನವೆಂಬರ್ 12ರ ಇಮೇಲ್ ಮತ್ತು ಉತ್ತರ, ಜನವರಿ 28ರ ಕೋರಿಕೆ ಪತ್ರ, ಫೆಬ್ರವರಿ 5ರ ನೋಟಿಸ್, ಫೆಬ್ರವರಿ 6ರ ಆಕ್ಷೇಪ ಪತ್ರ, ಆರೋಪಪತ್ರ, ವರದಿ ಮತ್ತು ಆದೇಶದ ಪ್ರತಿ