ಭತ್ತ ಕಟಾವು ಯಂತ್ರದ ಬಾಡಿಗೆ ಪ್ರಚಾರ, ಗಂಗಾವತಿ: 6 ವಾರಕ್ಕೆ 60,000 ರೂಪಾಯಿ

ಫೇಸ್‌ಬುಕ್ ಜಾಹೀರಾತಿಗೆ 24,000. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಮಾತ್ರ ತೋರಿಸೋಣ. ಒಂದು ವಿಚಾರಣೆಗೆ 80 ರೂಪಾಯಿ ಬೀಳಬಹುದು, ಅಂದರೆ 300 ವಿಚಾರಣೆ. ಆಟೋ ಮೈಕ್‌ಗೆ 18,000, ವಿಚಾರಣೆಗೆ ತಲಾ 120ರಂತೆ 150 ವಿಚಾರಣೆ. ಪೇಪರ್ ಜೊತೆ ಹಂಚುವ ಕರಪತ್ರಕ್ಕೆ 8,000, ತಲಾ 160ರಂತೆ 50. ಗೊಬ್ಬರದ ಅಂಗಡಿ ಮುಂದಿನ ಬೋರ್ಡಿಗೆ 4,000, ತಲಾ 100ರಂತೆ 40. ಉಳಿದ 6,000 ಕೈಯಲ್ಲಿರಲಿ. ಮಳೆ ಬಂದು ಕಟಾವು ಮುಂದೆ ಹೋದರೆ ಬೇಕಾಗುತ್ತದೆ.

ಊರು, ಎಕರೆ ಹೇಳಿದ ಕರೆ ಮಾತ್ರ ವಿಚಾರಣೆ. ಸುಮ್ನೆ ಬಂದ ಮಿಸ್ಡ್ ಕಾಲ್ ಲೆಕ್ಕಕ್ಕಿಲ್ಲ. ಒಂದೊಂದು ಪ್ರಚಾರಕ್ಕೂ ಬೇರೆ ಫೋನ್ ನಂಬರ್ ಹಾಕಲೇಬೇಕು. ಹೋದ ಸಲ ಎಲ್ಲದಕ್ಕೂ ಒಂದೇ ನಂಬರ್ ಕೊಟ್ಟಿದ್ದೆವು, ಯಾವ ದುಡ್ಡು ಕೆಲಸ ಮಾಡಿತು ಅಂತಲೇ ಗೊತ್ತಾಗಲಿಲ್ಲ.

10ನೇ ದಿನ ಮೊದಲ ಲೆಕ್ಕ. ಕಾಲು ಭಾಗ ಹಣ ಖರ್ಚಾಗದ ಕಡೆ ಆತುರ ಬೇಡ. ಖರ್ಚಾಗಿದ್ದು, ವಿಚಾರಣೆಯ ವೆಚ್ಚ ಅಂದಾಜಿನ ಒಂದೂವರೆ ಪಟ್ಟು ದಾಟಿದ್ದರೆ, ಅಲ್ಲಿ ಉಳಿದ ಹಣದ ಅರ್ಧ ತೆಗೆದು ಅಗ್ಗವಾಗಿ ಬರುತ್ತಿರುವ ಕಡೆ ಹಾಕೋಣ. ಕರಪತ್ರ ಅಚ್ಚಾದ ಮೇಲೆ ದುಡ್ಡು ವಾಪಸ್ ಬರುವುದಿಲ್ಲ ಅಲ್ವಾ, ಅದಕ್ಕೆ ಮೊದಲು ಅರ್ಧವಷ್ಟೇ ಅಚ್ಚು ಹಾಕಿಸೋಣ.

24ನೇ ದಿನ ಬುಕಿಂಗ್ ನೋಡಬೇಕು. ಮೈಕ್ ಕೇಳಿ ಕರೆ ಮಾಡಿದವರಲ್ಲಿ ಜಾಸ್ತಿ ಜನ ಮುಂಗಡ ಕೊಡುತ್ತಿದ್ದರೆ, ವಿಚಾರಣೆ ದುಬಾರಿ ಅಂತ ಅದನ್ನು ನಿಲ್ಲಿಸುವುದಿಲ್ಲ.